ಮಳೆಗೆ ಸಿಕ್ಕ ನಾಲ್ಕು ಕ್ವಿಂಟಲ್ ಬೇಳೆ

ಕಾಸ್ಟಿಂಗ್ ಲೆಕ್ಕದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ನಷ್ಟದ ಭಾಗ. ಒಳಗೆ ಹೋದ ತೂಕವೂ ಹೊರಗೆ ಬಂದ ತೂಕವೂ ಒಂದೇ ಆಗಿದ್ದರೆ ಗುಣಾಕಾರ ಬಂದವರೆಲ್ಲ ಆ ಕೆಲಸ ಮಾಡಬಹುದು. ಆದರೆ ದಾಲ್‌ಮಿಲ್ಲಿಗೆ ಹೋದ ತೊಗರಿ ಎಂದೂ ಅಷ್ಟೇ ತೂಕದ ಬೇಳೆಯಾಗಿ ಹೊರಬರುವುದಿಲ್ಲ. ಕಡಿಮೆಯಾದ ತೂಕದಲ್ಲಿ ಎಷ್ಟು ಆಗಲೇಬೇಕಾದದ್ದು, ಎಷ್ಟು ಆಗಬಾರದಿತ್ತು ಎಂದು ಬೇರ್ಪಡಿಸುತ್ತ ಕೂತರೆ ನನಗೆ ಊಟದ ಹೊತ್ತು ನೆನಪಾಗುವುದಿಲ್ಲ.

ನಮ್ಮ ಬೀದರ್ ಜಿಲ್ಲೆ ತೊಗರಿ, ಉದ್ದು, ಹೆಸರಿನ ಸೀಮೆ. ರಾಶಿ ಮುಗಿದ ಮೇಲೆ ಔರಾದ್ ಕಡೆಯ ಕರಿ ಮಣ್ಣಿನ ತೊಗರಿ, ಭಾಲ್ಕಿ ಕಡೆಯ ತೊಗರಿ ಚೀಲಗಳಲ್ಲಿ ಬರುತ್ತವೆ. ಬೀದರಿನ ಗಾಂಧಿ ಗಂಜಿನಲ್ಲಿ ಕಾಳು ಅಂಗೈಗೆ ಸುರಿದುಕೊಂಡು, ಒಂದೆರಡನ್ನು ಹಲ್ಲಿನಲ್ಲಿ ಕಡಿದು ನೋಡುವವರನ್ನು ಯಾವ ಹಂಗಾಮಿನಲ್ಲೂ ಕಾಣಬಹುದು. ಕಟ್ಟೆಂದು ಮುರಿದರೆ ಕಾಳು ಒಣಗಿದೆ, ಹಲ್ಲಿಗೆ ಮೆತ್ತಿಕೊಂಡರೆ ಹಸಿ ಇದೆ. ನನ್ನ ಲೆಕ್ಕ ಶುರುವಾಗುವುದು ಆ ಹಲ್ಲಿನಿಂದಲೇ. ಹಸಿ ಕಾಳು ಕೊಂಡವನು ನೀರಿಗೂ ದುಡ್ಡು ಕೊಟ್ಟಿರುತ್ತಾನೆ, ಆ ನೀರು ಮಿಲ್ಲಿನ ಅಂಗಳದಲ್ಲಿ ಆರಿ ಹೋಗುತ್ತದೆ.

ಮಿಲ್ಲಿನಲ್ಲಿ ತೊಗರಿ ಮೊದಲು ಜರಡಿಗೆ ಹೋಗಿ ಕಲ್ಲು, ಮಣ್ಣು, ಕಡ್ಡಿ ಕಳೆದುಕೊಳ್ಳುತ್ತದೆ. ರೋಲರಿನಲ್ಲಿ ಮೈಗೆ ಗೀರು ಬೀಳಿಸಿಕೊಂಡು, ಎಣ್ಣೆ ಸವರಿಸಿಕೊಂಡು, ನೀರು ಚಿಮುಕಿಸಿಕೊಂಡು ಬಿಸಿಲಿನಲ್ಲಿ ಒಣಗುತ್ತದೆ. ಸಿಪ್ಪೆ ಕಾಳನ್ನು ಅಂಟಿನಿಂದ ಹಿಡಿದಿರುವುದರಿಂದ ಇಷ್ಟೆಲ್ಲ ಉಪಚಾರ ಬೇಕು. ಆಮೇಲೆ ಮತ್ತೆ ರೋಲರಿಗೆ ಹೋಗಿ ಸಿಪ್ಪೆ ಬಿಡುತ್ತದೆ. ಸಿಪ್ಪೆ ಹೋಗಿ ಇನ್ನೂ ಒಡೆಯದ ಕಾಳಿಗೆ ಗೋಟಾ ಅನ್ನುತ್ತಾರೆ. ಗೋಟಾ ಒಡೆದರೆ ಬೇಳೆ. ಪ್ರತಿ ಸುತ್ತಿನಲ್ಲೂ ಹೊಟ್ಟು, ಚುನ್ನಿ, ನುಚ್ಚು ಬೇರೆ ಬೇರೆ ಬಾಯಿಂದ ಬೀಳುತ್ತವೆ. ಇದು ಯಾರ ತಪ್ಪೂ ಅಲ್ಲ. ಎಷ್ಟು ಎಚ್ಚರದಿಂದ ನಡೆಸಿದರೂ ತಪ್ಪದ ಈ ಇಳಿತವೇ ಸಾಮಾನ್ಯ ನಷ್ಟ.

ಒಂದು ಲಾಟ್ ಹಿಡಿಯೋಣ. ತೊಗರಿ 100 ಕ್ವಿಂಟಲ್, ದರ 2025-26ರ ಬೆಂಬಲ ಬೆಲೆ 8,000 ರೂಪಾಯಿ. ಕಾಳಿಗೆ 8,00,000. ಎಣ್ಣೆ, ಕರೆಂಟು, ಹಮಾಲರ ಕೂಲಿ ಸೇರಿ 40,000 ಎಂದುಕೊಳ್ಳಿ. ಪ್ರಕ್ರಿಯೆಯ ಖಾತೆಯ ಖರ್ಚಿನ ಬದಿ 8,40,000 ಆಯಿತು. ಈ ಮಿಲ್ಲಿನ ಅನುಭವದಲ್ಲಿ 100ಕ್ಕೆ 25 ಹೋಗುತ್ತದೆ. ಅದರಲ್ಲಿ 20 ಕ್ವಿಂಟಲ್ ಹೊಟ್ಟು, ಚುನ್ನಿ, ನುಚ್ಚು. ಇದನ್ನು ದನದ ಮೇವಿಗೆ ಕ್ವಿಂಟಲ್‌ಗೆ 1,500ರಂತೆ ಮಾರಿದರೆ 30,000 ಬರುತ್ತದೆ. ಉಳಿದ 5 ಕ್ವಿಂಟಲ್ ಧೂಳು, ಕಲ್ಲು, ಆರಿದ ನೀರು. ಅದಕ್ಕೆ ಬೆಲೆಯಿಲ್ಲ.

ಖಾತೆಯ ಜಮಾ ಬದಿಯಲ್ಲಿ ಸಾಮಾನ್ಯ ನಷ್ಟ ಎಂದು ಬರೆದು ತೂಕ 25, ಮೊತ್ತ 30,000 ಹಾಕುತ್ತೇನೆ. ಮೇವಿನಿಂದ ಬಂದದ್ದಕ್ಕಿಂತ ಒಂದು ರೂಪಾಯಿಯೂ ಹೆಚ್ಚಿಲ್ಲ. ಹಾಗಾದರೆ ಹೋದ 25 ಕ್ವಿಂಟಲಿನ ಮಿಕ್ಕ ಬೆಲೆ ಎಲ್ಲಿ ಹೋಯಿತು? ಉಳಿದ ಬೇಳೆಯ ಮೇಲೆ ಕೂತಿತು. 8,10,000ವನ್ನು ಬರಬೇಕಾದ 75 ಕ್ವಿಂಟಲಿಗೆ ಭಾಗಿಸಿದರೆ ಕ್ವಿಂಟಲ್‌ಗೆ 10,800. ಹೊಟ್ಟು ಬಿಡದೆ ಬೇಳೆಯಾಗದು, ಆದ್ದರಿಂದ ಹೊಟ್ಟಿನ ಖರ್ಚು ಬೇಳೆಯ ಖರ್ಚೇ.

ಈಗ ಮಳೆ. ಒಡೆದ ಬೇಳೆಯನ್ನು ಚೀಲಕ್ಕೆ ತುಂಬುವ ಮೊದಲು ಕೊನೆಯ ಬಿಸಿಲಿಗೆ ಹರವಿದ್ದಾರೆ. ಮಾರ್ಚಿನ ಮಧ್ಯಾಹ್ನ ಏಕಾಏಕಿ ಮೋಡ ಕಟ್ಟಿ ಸುರಿಯಿತು. ತಾಡಪತ್ರಿ ಎಳೆಯುವಷ್ಟರಲ್ಲಿ 4 ಕ್ವಿಂಟಲ್ ನೆನೆದು, ಕಪ್ಪಾಗಿ ಮುಗ್ಗಲು ಹಿಡಿಯಿತು. ಕೈಗೆ ಬಂದ ಒಳ್ಳೆ ಬೇಳೆ 71.

ಇಂಥ ಹೊತ್ತಿನಲ್ಲಿ ಒಬ್ಬ ಮುನೀಮರು ಹೇಳಿದ ಮಾತು ನೆನಪಿದೆ: “ಸರ್, ಮಳಿ ನಷ್ಟಾನೂ ಬ್ಯಾಳಿ ಮ್ಯಾಲೇ ಹಾಕಿಬಿಡ್ರಿ.” ನಾನು ಅಂದೆ: “ಗಂಜಿನ್ಯಾಗ ಬ್ಯಾಳಿ ರೇಟು ನಮ್ಮ ಅಂಗಳದ ಮಳಿ ನೋಡಿ ಏರಂಗಿಲ್ಲರೀ.”

ಅವರು ಹೇಳಿದಂತೆ ಮಾಡಿದರೆ ಏನಾಗುತ್ತದೆ ನೋಡಿ. ಕೆಟ್ಟ ಬೇಳೆ ಕ್ವಿಂಟಲ್‌ಗೆ 2,000ದಂತೆ ಮಾರಿ 8,000 ಬಂತು ಎನ್ನೋಣ. ಅದನ್ನೂ ಕಳೆದರೆ 8,02,000 ಉಳಿಯಿತು. 71ಕ್ಕೆ ಭಾಗಿಸಿದರೆ ಕ್ವಿಂಟಲ್‌ಗೆ ಸುಮಾರು 11,296. ಮಿಲ್ಲು ಎಂದಿನಂತೆ ನಡೆದಿದ್ದರೂ ಬೇಳೆ ತಯಾರಿಸುವ ಖರ್ಚೇ 496 ರೂಪಾಯಿ ಏರಿದಂತೆ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದು ಮಾರ್ಚ್ 31ರಂದು. ಗೋದಾಮಿನಲ್ಲಿ 30 ಕ್ವಿಂಟಲ್ ಉಳಿದಿದ್ದರೆ 14,880 ರೂಪಾಯಿಯಷ್ಟು ಮಳೆ ನಷ್ಟ ಆಸ್ತಿಯ ವೇಷ ಹಾಕಿಕೊಂಡು ಮುಂದಿನ ವರ್ಷಕ್ಕೆ ದಾಟುತ್ತದೆ. ದಾಸ್ತಾನಿನ ಮೌಲ್ಯಮಾಪನದ ಲೆಕ್ಕಪತ್ರ ಮಾನದಂಡ ಎಎಸ್-2 ಅಸಾಮಾನ್ಯ ಪೋಲನ್ನು ದಾಸ್ತಾನಿನ ಬೆಲೆಯಲ್ಲಿ ಸೇರಿಸಬೇಡಿ, ಆದ ವರ್ಷದ ಖರ್ಚಿಗೇ ಹಾಕಿ ಎನ್ನುವುದು ಇದಕ್ಕೇ.

ಆದ್ದರಿಂದ ಹಾಳಾದ 4 ಕ್ವಿಂಟಲನ್ನೂ ಒಳ್ಳೆ ಬೇಳೆಯ ದರದಲ್ಲೇ, 10,800ರಂತೆ ಕಟ್ಟುತ್ತೇನೆ. 43,200 ಪ್ರಕ್ರಿಯೆಯ ಖಾತೆಯಿಂದ ಹೊರಬಿದ್ದು ಅಸಾಮಾನ್ಯ ನಷ್ಟದ ಖಾತೆಗೆ ಹೋಗುತ್ತದೆ. ಮಾರಿ ಬಂದ 8,000 ಅಲ್ಲಿ ಜಮಾ. ವಿಮೆಯಿಂದ ಏನಾದರೂ ಬಂದರೆ ಅದೂ ಅಲ್ಲಿಗೇ. ಮಿಕ್ಕ 35,200 ನೇರವಾಗಿ ಲಾಭ-ನಷ್ಟದ ಖಾತೆಗೆ. ಗೋದಾಮಿಗೆ 71 ಕ್ವಿಂಟಲ್ 7,66,800ಕ್ಕೆ ಸೇರುತ್ತದೆ. 30,000, 43,200, 7,66,800 ಕೂಡಿಸಿದಾಗ 8,40,000 ಬಂದು ಎರಡೂ ಬದಿ ಸಮನಾಗುವ ಗಳಿಗೆ ನನಗೆ ಇಂದಿಗೂ ಹಳತಾಗಿಲ್ಲ.

ಮಳೆ ಯಾವ ಹಂತದಲ್ಲಿ ಬಂತು ಎಂಬುದನ್ನೂ ಕೇಳಲೇಬೇಕು. ಎಣ್ಣೆ ಹಚ್ಚಿದ ತೊಗರಿಯ ಮೇಲೆ ಬಂದಿದ್ದರೆ ಮುಂದಿನ ರೋಲರಿನ ಕರೆಂಟು, ಕೂಲಿ ಇನ್ನೂ ಅದಕ್ಕೆ ತಗುಲಿರುವುದಿಲ್ಲ. ಆಗ ನಷ್ಟಕ್ಕೆ ಪೂರ್ತಿ ಬೇಳೆಯ ದರ ಕಟ್ಟುವುದು ತಪ್ಪು, ಅಲ್ಲಿಯವರೆಗಿನ ಖರ್ಚು ಮಾತ್ರ. ಸಾಮಾನ್ಯ ನಷ್ಟಕ್ಕೂ ಇದೇ ಮಾತು. ವರ್ಷದ ಕೊನೆಯ ದಿನ ಅಂಗಳದಲ್ಲಿ ಅರೆಬರೆ ಒಣಗಿದ ಕಾಳಿದ್ದರೆ, ಜರಡಿಯ ನಷ್ಟದಲ್ಲಿ ಅದಕ್ಕೂ ಪಾಲಿದೆ, ಏಕೆಂದರೆ ಜರಡಿ ದಾಟಿ ಬಂದಿದೆ. ಒಡೆಯುವಾಗ ಆಗುವ ನುಚ್ಚಿನ ನಷ್ಟದಲ್ಲಿ ಪಾಲಿಲ್ಲ.

ಮಳೆ ಯಾವಾಗಲೂ ಅಸಾಮಾನ್ಯವೇ? ಅಲ್ಲ ಎನ್ನುವುದು ನನ್ನ ಅಭಿಪ್ರಾಯ. ಜುಲೈ ತಿಂಗಳಲ್ಲೂ ತೆರೆದ ಅಂಗಳದಲ್ಲೇ ಒಣಗಿಸುತ್ತೇವೆ ಎಂದು ಗೊತ್ತಿದ್ದೇ ನಡೆಸುವ ಮಿಲ್ಲಿಗೆ ಸ್ವಲ್ಪ ನೆನೆಯುವುದು ಆ ಕೆಲಸದ ಪಾಲೇ. ಅದನ್ನು ಮಳೆಗಾಲದ ಸಾಮಾನ್ಯ ನಷ್ಟದೊಳಗೆ ಮೊದಲೇ ಇಟ್ಟುಕೊಳ್ಳಬೇಕು. ‘ಮೊದಲೇ’ ಎಂಬುದನ್ನು ಬಿಡುವಂತಿಲ್ಲ. ಲಾಟ್ ಮುಗಿದ ಮೇಲೆ ಶೇಕಡಾವಾರು ಗೊತ್ತುಮಾಡಿದರೆ ಎಲ್ಲ ನಷ್ಟವೂ ಸಾಮಾನ್ಯವಾಗಿಬಿಡುತ್ತದೆ. ಒಂದೇ ಮಿಲ್ಲಿನಲ್ಲಿ ಅಸಾಮಾನ್ಯ ನಷ್ಟದ ಕಾಲಂ ವರ್ಷವಿಡೀ ಖಾಲಿಯಿದ್ದು, ಸಾಮಾನ್ಯ ನಷ್ಟ ಮಾತ್ರ ಲಾಟಿನಿಂದ ಲಾಟಿಗೆ 25, 28, 26, 29 ಎಂದು ಕುಣಿಯುತ್ತಿದ್ದರೆ ಅಲ್ಲಿ ಹೀಗೇ ಆಗಿದೆ ಎಂದು ಅನುಮಾನಿಸುತ್ತೇನೆ.

ಕೆಲವೊಮ್ಮೆ ಉಲ್ಟಾ ಆಗುತ್ತದೆ. ಕಾಳು ದಪ್ಪ, ಒಂದೇ ಅಳತೆಯದು, ಚೆನ್ನಾಗಿ ಒಣಗಿದ್ದು. 75 ಬರಬೇಕಾದಲ್ಲಿ 77 ಬಂತು. ಹೆಚ್ಚಿನ 2 ಕ್ವಿಂಟಲ್ 21,600 ರೂಪಾಯಿಯ ಅಸಾಮಾನ್ಯ ಲಾಭ. ಆದರೆ ಬೇಳೆ ಹೆಚ್ಚಾದಷ್ಟು ಮೇವು ಕಡಿಮೆಯಾಗಿದೆ. 20ರ ಬದಲು 18 ಕ್ವಿಂಟಲ್ ಸಿಕ್ಕಿದ್ದರೆ ತಪ್ಪಿದ 3,000ವನ್ನು ಕಳೆದು 18,600 ಮಾತ್ರ ಲಾಭ-ನಷ್ಟದ ಖಾತೆಗೆ ಹಾಕಬೇಕು. ಬೇಳೆಯ ದರ ಆಗಲೂ 10,800ರಲ್ಲೇ ನಿಲ್ಲುತ್ತದೆ. ಹೊಸ ರೋಲರ್ ಕೂರಿಸಿದ ಮೇಲೆ ಲಾಟಿನ ಮೇಲೆ ಲಾಟು 77 ಬರುತ್ತಲೇ ಇದ್ದರೆ, ಮುಂದಿನ ಲಾಟಿನ ತೊಗರಿ ಜರಡಿಗೆ ಬೀಳುವ ಮೊದಲು ಸಾಮಾನ್ಯ ನಷ್ಟ 23 ಎಂದು ಬರೆದಿಟ್ಟುಕೊಳ್ಳುತ್ತೇನೆ. ಹಿಂದಿನ ಲಾಟುಗಳ ಪುಟ ತಿದ್ದುವುದಿಲ್ಲ.