ತೊಳೆದ ಮೇಲೂ ಯೂನಿಟ್ ಏರದಿದ್ದರೆ

ನಮ್ಮ ಮನೆ ಮೇಲಿರೋದು 3 ಕಿಲೋವ್ಯಾಟ್ ಸೋಲಾರ್, ಒಂದಕ್ಕೊಂದು ಸರಪಳಿ ಥರ ಜೋಡಿಸಿದ 9 ಪ್ಯಾನೆಲ್. ಮಾರ್ಚ್‌ನಲ್ಲಿ ಮೋಡ ಇಲ್ಲದ ದಿನ 13 ಯೂನಿಟ್ ಬರ್ತಿತ್ತು. ದಿನಾ ಸಂಜೆ ಇನ್ವರ್ಟರ್ ನೋಡಿ ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿಡ್ತೀನಿ.

ಏಪ್ರಿಲ್‌ನಲ್ಲಿ ಸಿಡಿಲಿನ ಜೊತೆ ನಾಲ್ಕು ಹನಿ ಬಿತ್ತು. ಪ್ಯಾನೆಲ್ ಮೇಲಿದ್ದ ಧೂಳು ಕೆಸರಾಗಿ ಒಣಗಿತು. ಮಾರನೇ ದಿನದಿಂದ ಒಳ್ಳೆ ಬಿಸಿಲಿದ್ರೂ ಹತ್ತೂವರೆ ಯೂನಿಟ್ಟೇ. ಪಕ್ಕದ ಮನೆಯವರದೂ 3 ಕಿಲೋವ್ಯಾಟೇ, ಅವರಿಗೆ 13 ಬರ್ತಿತ್ತು. ಅಂದ್ರೆ ಬಿಸಿಲಿನ ದೋಷ ಅಲ್ಲ.

ಬೆಳಿಗ್ಗೆ ಬಿಸಿಲೇರೋ ಮೊದಲೇ ತೊಳೆದೆ. ಕಾದ ಗಾಜಿಗೆ ತಣ್ಣೀರು ಬಿದ್ರೆ ಸೀಳಬಹುದು. ಮೆತ್ತನೆ ಬಟ್ಟೆ ಸಾಕು, ಸೋಪಿನ ಪುಡಿ ಬೇಡ. ಬೋರಿನ ಗಡಸು ನೀರಾದ್ರೆ ಒಣಗೋಕೆ ಬಿಡದೆ ಒರೆಸಿ, ಇಲ್ಲಾಂದ್ರೆ ಬಿಳಿ ಕಲೆ ಕೂರುತ್ತೆ.

ಅವತ್ತು ಹನ್ನೊಂದೂವರೆಗೆ ಏರಿ ಅಲ್ಲೇ ನಿಂತಿತು. ಧೂಳು ತಿಂದಿದ್ದು ಒಂದು ಯೂನಿಟ್, ಇನ್ನೂ ಒಂದೂವರೆ ಕಮ್ಮಿ. 13ನ್ನ 9ರಿಂದ ಭಾಗಿಸಿದ್ರೆ ಪ್ಯಾನೆಲ್ಲಿಗೆ ಸುಮಾರು ಒಂದೂವರೆ ಯೂನಿಟ್. ಒಂದು ಪ್ಯಾನೆಲ್ ಪೂರ್ತಿ ಕೆಲಸ ಬಿಟ್ಟಿರಬೇಕು ಅನ್ನಿಸ್ತು. ಮಧ್ಯಾಹ್ನ ಇನ್ವರ್ಟರ್‌ನಲ್ಲಿ ಪ್ಯಾನೆಲ್ ಕಡೆಯ ವೋಲ್ಟೇಜ್ ಮೊದಲು 300ರ ಹತ್ತಿರ ಇರ್ತಿತ್ತು, ಈಗ 267. ಅದೂ ಒಂಬತ್ತನೇ ಒಂದು ಪಾಲೇ ಕಮ್ಮಿ.

ಹಾಕಿದವರನ್ನ ಕರೆಸಿದೆ. ವೈರು ನಾವು ಬಿಚ್ಚಬಾರದು, ಬಿಸಿಲಿರೋವರೆಗೂ ಅದರಲ್ಲಿ ಕರೆಂಟ್ ಇರುತ್ತೆ. ಏಳನೇ ಪ್ಯಾನೆಲ್ಲಿನ ಹಿಂದಿನ ಡಬ್ಬಿಯಲ್ಲಿದ್ದ ಮೂರೂ ಡಯೋಡ್ ಸಿಡಿಲಿನ ಹೊಡೆತಕ್ಕೆ ಶಾರ್ಟ್ ಆಗಿದ್ವು. ಬದಲಾಯಿಸಿದ ಮಾರನೇ ದಿನ 12.9.