ಹದಿನೈದು ರಾತ್ರಿಗಳ ಪತ್ರ

ಥೈರಾಯ್ಡ್ ಗ್ರಂಥಿ ಮಿತಿಮೀರಿ ದುಡಿಯುವ ಕಾಯಿಲೆಗೆ ನಮ್ಮ ಮನೆಯವರು ಪರೇಲಿನ ಆಸ್ಪತ್ರೆಯಲ್ಲಿ 10 ಮಿಲಿಕ್ಯೂರಿ ವಿಕಿರಣಶೀಲ ಅಯೋಡಿನ್ ನುಂಗಿದ ದಿನ, ವೈದ್ಯರು ಎರಡು ಪುಟಗಳ ಪತ್ರವೊಂದನ್ನು ಕೈಗಿತ್ತರು. ಜನಸಂದಣಿಯಲ್ಲಿ ಪ್ರಯಾಣಿಸಬಾರದು ಎಂಬುದು ಅದರ ಮೊದಲ ಮಾತು. ಸಂಜೆಯ ಅಂಬರನಾಥ ಲೋಕಲ್ಲಿನಲ್ಲಿ ಮನುಷ್ಯರ ನಡುವೆ ಆರಿಂಚು ಜಾಗವೂ ಇರದು. ಟ್ಯಾಕ್ಸಿ ಹಿಡಿದು, ಅವರನ್ನು ಚಾಲಕನಿಂದ ದೂರದ ಹಿಂಬದಿಯ ಮೂಲೆಯಲ್ಲಿ ಕೂರಿಸಿಕೊಂಡು ಬಂದೆವು.

ಪತ್ರದ ಹೆಚ್ಚಿನ ಭಾಗ ನಮ್ಮ ನಾಲ್ಕು ವರ್ಷದ ಮಗಳ ಕುರಿತಾಗಿತ್ತು. ಮಗುವಿನ ಗ್ರಂಥಿ ಚಿಕ್ಕದು, ಇನ್ನೂ ಬೆಳೆಯುತ್ತಿರುವುದು. ವಿಕಿರಣದ ಪೆಟ್ಟು ಅದಕ್ಕೆ ಹಿರಿಯರಿಗಿಂತ ಹೆಚ್ಚು ತಾಗುತ್ತದೆ. ಅಪಾಯದ ದಾರಿಗಳನ್ನು ವೈದ್ಯರು ಎರಡಾಗಿ ಬಿಡಿಸಿದ್ದರು. ತಾಯಿಯ ಕೊರಳಿನಿಂದ ಹೊರಡುವ ಕಿರಣ ಒಂದು. ಅದಕ್ಕೆ ಮದ್ದು ದೂರ. ಅರ್ಧ ಮೀಟರಿನಿಂದ ಎರಡು ಮೀಟರಿಗೆ ಸರಿದರೆ ಅದು ಹೆಚ್ಚುಕಡಿಮೆ ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಎರಡನೆಯದು ಎಂಜಲು, ಬೆವರು, ಮೂತ್ರ. ಗ್ರಂಥಿ ಹೀರಿಕೊಳ್ಳದ ಅಯೋಡಿನ್ನಿನ ಬಹುಪಾಲು ಮೊದಲ ಕೆಲವು ದಿನಗಳಲ್ಲಿ ಮೂತ್ರದಲ್ಲೇ ಹೊರಹೋಗುತ್ತದೆ. ಆದ್ದರಿಂದ ಧಾರಾಳವಾಗಿ ನೀರು ಕುಡಿಯಬೇಕು, ಶೌಚಕ್ಕೆ ಎರಡು ಸಲ ನೀರು ಹಾಕಬೇಕು, ತಟ್ಟೆ-ಬಟ್ಟೆ ಬೇರೆಯಾಗಿ ತೊಳೆಯಬೇಕು, ಕೈತುತ್ತು ಕೂಡದು.

ಧಾರವಾಡದಿಂದ ಬಂದ ಅತ್ತೆಯವರು ತಟ್ಟೆಗಳನ್ನು ಕುದಿಸಲು ಹೊರಟರು. ಕುದಿಸಿದರೆ ಕ್ರಿಮಿ ಸಾಯುತ್ತದೆ, ವಿಕಿರಣ ಸಾಯುವುದಿಲ್ಲ. ಹರಿಯುವ ನೀರು ಅದನ್ನು ತೊಳೆದು ಒಯ್ಯುತ್ತದೆ, ಅಷ್ಟೇ. "ಹಂಗಾದ್ರ ಇದು ಮಡಿ ಅಲ್ಲೇನು?" ಎಂದರು. ಅಲ್ಲವೆಂದು ವಿವರಿಸುವುದು ಸುಲಭವಾಗಲಿಲ್ಲ, ಏಕೆಂದರೆ ನೋಡುವವರಿಗೆ ಅದು ಮಡಿಯಂತೆಯೇ ಕಾಣುತ್ತಿತ್ತು.

ಮೊದಲ ಐದು ದಿನ ಮಗಳು ಡೊಂಬಿವಲಿಯ ಚಿಕ್ಕಮ್ಮನ ಮನೆಯಲ್ಲಿದ್ದಳು. ಆಮೇಲೆ ಅತ್ತು ಕರೆದು ಹಿಂದಿರುಗಿದಳು. ಹಗಲಿನ ದೂರವನ್ನು ಆಟವೆಂದು ಒಪ್ಪಿಸಿದೆವು. ರಾತ್ರಿಯೇ ಕಷ್ಟ: ಮಗುವಿನ ಪಕ್ಕ ಹದಿನೈದು ರಾತ್ರಿ ಮಲಗಬಾರದೆಂದು ಪತ್ರ ಹೇಳುತ್ತದೆ, ನಮ್ಮದು ಒಂದೇ ಮಲಗುವ ಕೋಣೆಯ ಮನೆ. ಹಗಲಿನ ಒಂದು ಅಪ್ಪುಗೆ ನಿಮಿಷದ ಮಾತು, ಪಕ್ಕದ ನಿದ್ರೆ ಎಂಟು ಗಂಟೆಯ ಮಾತು. ರಾತ್ರಿಗೇ ಅಷ್ಟು ಕಟ್ಟುನಿಟ್ಟು ಏಕೆಂದು ನಮಗೆ ಅರ್ಥವಾದದ್ದು ಆಗ.

ಒಂಬತ್ತನೆಯ ರಾತ್ರಿ ನಮಗೆ ಜೊಂಪು ಹತ್ತಿತ್ತು. ಎಚ್ಚರವಾದಾಗ ಮಗಳು ಹಾಸಿಗೆಯಲ್ಲಿರಲಿಲ್ಲ, ಅವ್ವನ ಕೊರಳಿಗೆ ಮುಖವೊತ್ತಿ ಮಲಗಿದ್ದಳು. ಎಷ್ಟು ಹೊತ್ತಾಗಿತ್ತೋ ತಿಳಿಯದು. ಬೆಳಗ್ಗೆ ಪತ್ರದಲ್ಲಿದ್ದ ಸಂಖ್ಯೆಗೆ ಫೋನು ಮಾಡಿದೆವು. ವೈದ್ಯರು ಬಯ್ಯಲಿಲ್ಲ. ಅಯೋಡಿನ್-131 ತಾನಾಗಿಯೇ ಎಂಟು ದಿನಕ್ಕೆ ಅರ್ಧವಾಗುತ್ತದೆ, ದೇಹ ಹೊರಹಾಕಿದ್ದು ಬೇರೆ. ಉಳಿದದ್ದು ಮೊದಲ ದಿನದ ಅರ್ಧಕ್ಕಿಂತ ಕಡಿಮೆ. ಒಂದು ರಾತ್ರಿಗೆ ಹೆದರಬೇಡಿ, ಆದರೆ ಉಳಿದ ಆರು ರಾತ್ರಿಗಳನ್ನು ಬಿಡಬೇಡಿ ಎಂದರು.

ಆ ಆರು ರಾತ್ರಿ ಅವರು ಕೋಣೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಿದರು. ಮಗಳು ಹೊರಗಿನಿಂದ ಬಾಗಿಲಿಗೆ ಕಿವಿಯಿಟ್ಟು, "ಅವ್ವಾ, ನಿದ್ದಿ ಬಂತೇನು?" ಎಂದು ಕೇಳುವಳು. ಒಳಗಿನಿಂದ "ಬಂತವ್ವಾ" ಎಂಬ ಉತ್ತರ ಬರುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ.