ಆಫರ್ ಲೆಟರ್‌ಗೆ ಮುಂಚೆ ಫೋನ್ ಬೇಡ

ಸಂದರ್ಶನ ಮುಗಿಸಿ ಕಾಯುತ್ತಿರುವವರಿಗೆ ಒಂದು ಮಾತು. ಈಗಿನ ಆಫೀಸಿನಲ್ಲಿ ವಿಚಾರಿಸಬೇಡಿ ಎಂದು ಎಚ್‌ಆರ್‌ಗೆ ಬಾಯಲ್ಲಿ ಹೇಳಿದರೆ ಸಾಲದು. ಹಿನ್ನೆಲೆ ಪರಿಶೀಲನೆಯನ್ನು ಬಹಳ ಕಡೆ ಹೊರಗಿನ ಏಜೆನ್ಸಿ ಮಾಡುತ್ತದೆ. ಅವರು ನೋಡುವುದು ನೀವು ತುಂಬಿದ ಫಾರಂ. ಅದರಲ್ಲಿ ಈಗಿನ ಕಂಪನಿಯ ಎದುರು ‘ಸದ್ಯಕ್ಕೆ ಸಂಪರ್ಕಿಸಬೇಡಿ’ ಎಂದೇ ನಮೂದಿಸಿ. ಜೊತೆಗೊಂದು ಮೇಲ್ ಹಾಕಿ:

‘ನಾನು ಕೆಲಸ ಹುಡುಕುತ್ತಿರುವುದು ನಮ್ಮ ಮ್ಯಾನೇಜರಿಗೆ ಗೊತ್ತಿಲ್ಲ. ಲಿಖಿತ ಆಫರ್ ಬಂದು, ನಾನು ರಾಜೀನಾಮೆ ಕೊಟ್ಟ ಮೇಲೆ ದಯವಿಟ್ಟು ಅವರನ್ನು ವಿಚಾರಿಸಿ. ಅಲ್ಲಿಯವರೆಗೆ ಸ್ಯಾಲರಿ ಸ್ಲಿಪ್, ಫಾರಂ 16, ಹಿಂದಿನ ಕಂಪನಿಯ ಮ್ಯಾನೇಜರ್ ನಂಬರ್ ಕೊಡುತ್ತೇನೆ. ಏಜೆನ್ಸಿಗೂ ಇದನ್ನು ತಿಳಿಸಿ.’

ಆಫರ್ ಕೈತಪ್ಪಿ, ಸುದ್ದಿ ಮಾತ್ರ ಮ್ಯಾನೇಜರ್ ಕಿವಿಗೆ ಬಿದ್ದರೆ ಅಪ್ರೈಸಲ್‌ನಲ್ಲಿ ಪೆಟ್ಟು ತಿನ್ನುವವರು ನೀವೇ. ಸಂಕೋಚವಿಲ್ಲದೆ ಕೇಳಿ.